ಹಿಂದಿರುಗುವ ಅಲೆ, ಅದನ್ನು ತಡೆಯುವ ಒಂದು ಸ್ಕ್ರೂ

ಎರಡು ತಂತಿಗಳ ಲೈನಿರಲಿ, ಕೋಆಕ್ಸಿಯಲ್ ಕೇಬಲ್ ಇರಲಿ, ಅದರ ಮೇಲೆ ಒಂದೇ ದಿಕ್ಕಿನಲ್ಲಿ ಸಾಗುವ ಅಲೆಯಲ್ಲಿ ವೋಲ್ಟೇಜಿಗೂ ಕರೆಂಟಿಗೂ ಒಂದು ನಿಶ್ಚಿತ ಅನುಪಾತ ಇರುತ್ತದೆ. ಆ ಅನುಪಾತಕ್ಕೆ ಲೈನಿನ ವಿಶಿಷ್ಟ ಇಂಪೀಡೆನ್ಸ್ ಎಂದು ಹೆಸರು. ಅದನ್ನು ನಿರ್ಧರಿಸುವುದು ವಾಹಕಗಳ ಅಳತೆ, ಅವುಗಳ ನಡುವಿನ ಅಂತರ ಮತ್ತು ಮಧ್ಯದಲ್ಲಿರುವ ನಿರೋಧಕ ವಸ್ತು. ಲೈನು ಎಷ್ಟು ಉದ್ದವಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಯೋಗಾಲಯದ ಕೇಬಲ್ಲುಗಳಲ್ಲಿ ಇದು ಸಾಮಾನ್ಯವಾಗಿ 50 ಓಮ್. ಹೀಗೆಂದರೆ ಕೇಬಲ್ಲಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ 50 ಓಮ್ ತೋರಿಸುತ್ತದೆ ಎಂದಲ್ಲ. ಮುಂದಕ್ಕೆ ಸಾಗುತ್ತಿರುವ ಅಲೆಯ ಪ್ರತಿ 50 ವೋಲ್ಟಿಗೆ 1 ಆಂಪಿಯರ್ ಜೊತೆಗಿರುತ್ತದೆ ಎಂದು ಅರ್ಥ.

ಇಂಥ ಲೈನಿನ ತುದಿಗೆ 100 ಓಮಿನ ರೋಧ ಜೋಡಿಸಲಾಗಿದೆ ಎಂದುಕೊಳ್ಳಬಹುದು. ಜನರೇಟರಿನಿಂದ ಹೊರಟ ಅಲೆ 9 ವೋಲ್ಟ್ ಮತ್ತು 0.18 ಆಂಪಿಯರ್ ಹೊತ್ತು ಬರುತ್ತದೆ. ಇವೆರಡರ ಅನುಪಾತ ಸರಿಯಾಗಿ 50. ಆದರೆ 100 ಓಮಿನ ರೋಧದ ತುದಿಗಳಲ್ಲಿ ಓಮನ ನಿಯಮ ಕೇಳುವ ಅನುಪಾತ 100. ಬಂದ ಅಲೆ ಒಂದರಿಂದಲೇ ಈ ಎರಡೂ ಷರತ್ತು ಪೂರೈಸುವುದಿಲ್ಲ. ಹಾಗಾಗಿ ತುದಿಯಲ್ಲಿ ಇನ್ನೊಂದು ಅಲೆ ಹುಟ್ಟಿ ಹಿಂದಕ್ಕೆ ಹೊರಡುತ್ತದೆ. ಅದರ ವೋಲ್ಟೇಜ್ 3, ಕರೆಂಟ್ 0.06 ಆಂಪಿಯರ್. ಹಿಂದಕ್ಕೆ ಹೋಗುವ ಅಲೆಯ ಕರೆಂಟು ವಿರುದ್ಧ ದಿಕ್ಕಿನದಾದ್ದರಿಂದ ಅದನ್ನು ಕಳೆಯಬೇಕು. ಆಗ ರೋಧದ ಮೇಲೆ ಒಟ್ಟು ವೋಲ್ಟೇಜ್ 12, ಒಟ್ಟು ಕರೆಂಟ್ 0.12. ಭಾಗಿಸಿದರೆ 100 ಓಮ್. ಲೆಕ್ಕ ಕೂಡಿತು. ಪ್ರತಿಫಲನ ಯಾಕೆ ಆಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ: ಲೈನಿನ ಅನುಪಾತ ಒಂದು, ಲೋಡಿನ ಅನುಪಾತ ಇನ್ನೊಂದು, ಎರಡನ್ನೂ ಹೊಂದಿಸಲು ಬೇಕಾದಷ್ಟೇ ಅಲೆ ಹಿಂದಿರುಗುತ್ತದೆ.

ಹಿಂದಿರುಗಿದ 3 ವೋಲ್ಟನ್ನು ಬಂದ 9 ವೋಲ್ಟಿನಿಂದ ಭಾಗಿಸಿದರೆ ಸಿಗುವ 1/3 ಪ್ರತಿಫಲನ ಗುಣಾಂಕ. ಇದರ ಸಾಮಾನ್ಯ ಸೂತ್ರ ಹೀಗಿದೆ:

Γ = (Z_L − Z_0) / (Z_L + Z_0)

ಶಕ್ತಿಯ ಲೆಕ್ಕದಲ್ಲಿ ಈ ಸಂಖ್ಯೆಯನ್ನು ವರ್ಗ ಮಾಡಬೇಕು. ಬಂದದ್ದು 1.62 ವ್ಯಾಟ್, ಹಿಂದಿರುಗಿದ್ದು 0.18 ವ್ಯಾಟ್, ಅಂದರೆ ಒಂಬತ್ತರಲ್ಲಿ ಒಂದು ಪಾಲು.

ಈಗ ಲೈನಿನ ಮೇಲೆ ಎರಡು ಅಲೆಗಳು ಎದುರುಬದುರಾಗಿ ಸಾಗುತ್ತಿವೆ. ಕೆಲವು ಜಾಗಗಳಲ್ಲಿ ಎರಡರ ಏರಿಳಿತ ಒಂದೇ ಹೊತ್ತಿಗೆ ಆಗುತ್ತದೆ. ಅಲ್ಲಿ 9 ಮತ್ತು 3 ಕೂಡಿ 12 ವೋಲ್ಟ್. ಅಲ್ಲಿಂದ ಕಾಲು ತರಂಗಾಂತರ ಸರಿದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ; ಅಲ್ಲಿ ಉಳಿಯುವುದು 6 ವೋಲ್ಟ್. ಈ ಗರಿಷ್ಠ ಮತ್ತು ಕನಿಷ್ಠ ಬಿಂದುಗಳು ಇದ್ದಲ್ಲೇ ಇರುತ್ತವೆ. ಅಲೆಗಳೆರಡೂ ಓಡುತ್ತಲೇ ಇದ್ದರೂ ಅವುಗಳ ಮೊತ್ತದ ವಿನ್ಯಾಸ ಕದಲುವುದಿಲ್ಲವಾದ್ದರಿಂದ ಇದಕ್ಕೆ ಸ್ಥಾಯಿ ಅಲೆ ಎನ್ನುತ್ತಾರೆ. ಗರಿಷ್ಠ ವೋಲ್ಟೇಜನ್ನು ಕನಿಷ್ಠದಿಂದ ಭಾಗಿಸಿದರೆ ಬರುವುದೇ ಸ್ಥಾಯಿ ಅಲೆ ಅನುಪಾತ, S. ಇಲ್ಲಿ ಅದು 12/6, ಅಂದರೆ 2.

S = (1 + |Γ|) / (1 − |Γ|)

ಏನೂ ಹಿಂದಿರುಗದಿದ್ದರೆ ಲೈನಿನುದ್ದಕ್ಕೂ ವೋಲ್ಟೇಜ್ ಒಂದೇ ಸಮ, S ಬೆಲೆ 1. ಎಲ್ಲವೂ ಹಿಂದಿರುಗಿದರೆ ಕನಿಷ್ಠ ಬಿಂದು ಸೊನ್ನೆಗೆ ಇಳಿಯುತ್ತದೆ, S ಅನಂತಕ್ಕೆ ಏರುತ್ತದೆ. ಒಂದು ಕನಿಷ್ಠ ಬಿಂದುವಿನಿಂದ ಮುಂದಿನದಕ್ಕೆ ಯಾವಾಗಲೂ ಅರ್ಧ ತರಂಗಾಂತರ. ಮನೆಯ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇದು ಯಾರ ಗಮನಕ್ಕೂ ಬಾರದಿರಲು ಕಾರಣ ಅದರ ತರಂಗಾಂತರ 6000 ಕಿಲೋಮೀಟರ್ ಇರುವುದು. ಮೈಕ್ರೋವೇವಿನಲ್ಲಿ ಅದೇ ವಿನ್ಯಾಸ ಕೆಲವು ಸೆಂಟಿಮೀಟರಿನೊಳಗೆ ಮುಗಿದುಹೋಗುತ್ತದೆ, ಕೈಯಳತೆಯ ಸ್ಕೇಲಿನಲ್ಲಿ ಅಳೆಯಲು ಸಿಗುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳ ಮೈಕ್ರೋವೇವ್ ಪ್ರಯೋಗಾಲಯದಲ್ಲಿ ಈ ಅಳತೆಗೆಂದೇ ಒಂದು ಬೆಂಚ್ ಇರುತ್ತದೆ. ಅದು ಎಕ್ಸ್ ಬ್ಯಾಂಡಿನ ವೇವ್‌ಗೈಡ್ ಬೆಂಚ್. ತಂತಿಯ ಬದಲು ಒಳಗೆ 22.86 ಮಿ.ಮೀ. ಅಗಲ, 10.16 ಮಿ.ಮೀ. ಎತ್ತರದ ಆಯತಾಕಾರದ ಲೋಹದ ಕೊಳವೆ. ಒಂದು ತುದಿಯಲ್ಲಿ ಕ್ಲೈಸ್ಟ್ರಾನ್ ಅಥವಾ ಗನ್ ಡಯೋಡಿನ ಆಸಿಲೇಟರ್. ಅದರ ಮುಂದೆ ಐಸೊಲೇಟರ್, ಆವರ್ತನ ಮೀಟರ್, ಅಟೆನ್ಯುಯೇಟರ್, ಆಮೇಲೆ ಸ್ಲಾಟೆಡ್ ಸೆಕ್ಷನ್, ಕೊನೆಗೆ ಲೋಡ್. ಐಸೊಲೇಟರಿನ ಕೆಲಸ ಹಿಂದಿರುಗುವ ಅಲೆಯನ್ನು ಆಸಿಲೇಟರಿಗೆ ತಲುಪದಂತೆ ಹೀರಿಕೊಳ್ಳುವುದು. ಅದಿಲ್ಲದಿದ್ದರೆ ಲೋಡ್ ಬದಲಾಯಿಸಿದಾಗಲೆಲ್ಲ ಆಸಿಲೇಟರಿನ ಆವರ್ತನವೇ ಜಾರುತ್ತದೆ.

ಬೆಂಚಿನ ಜೀವಾಳ ಸ್ಲಾಟೆಡ್ ಸೆಕ್ಷನ್. ಕೊಳವೆಯ ಅಗಲದ ಗೋಡೆಯ ನಟ್ಟನಡುವೆ ಉದ್ದಕ್ಕೆ ಕಿರಿದಾದ ಸೀಳು ಕೊರೆದಿರುತ್ತಾರೆ. ಗೋಡೆಯ ಆ ಮಧ್ಯರೇಖೆಯಲ್ಲಿ ಕರೆಂಟು ಉದ್ದುದ್ದಕ್ಕೇ ಹರಿಯುತ್ತದೆ, ಅಡ್ಡಕ್ಕೆ ಹರಿಯುವುದಿಲ್ಲ. ಆದ್ದರಿಂದ ಸೀಳು ಅದರ ದಾರಿಯನ್ನು ಕಡಿಯುವುದಿಲ್ಲ, ಒಳಗಿನ ಅಲೆ ಹೆಚ್ಚುಕಡಿಮೆ ಮೊದಲಿನಂತೆಯೇ ಸಾಗುತ್ತದೆ. ಸೀಳಿನ ಮೂಲಕ ಸಣ್ಣ ತಂತಿಯ ಪ್ರೋಬ್ ಒಂದು ಒಳಗೆ ಇಣುಕುತ್ತದೆ. ಗಾಡಿಯ ಮೇಲೆ ಕೂತಿರುವ ಈ ಪ್ರೋಬನ್ನು ಹಿಂದೆ ಮುಂದೆ ತಳ್ಳಬಹುದು, ಅದು ನಿಂತ ಜಾಗವನ್ನು ವರ್ನಿಯರ್ ಸ್ಕೇಲಿನಲ್ಲಿ 0.1 ಮಿ.ಮೀ. ತನಕ ಓದಬಹುದು. ಪ್ರೋಬ್ ಹಿಡಿದ ಅಲ್ಪ ಸಂಕೇತ ಕ್ರಿಸ್ಟಲ್ ಡಿಟೆಕ್ಟರಿಗೆ ಹೋಗುತ್ತದೆ. ಆಸಿಲೇಟರಿನ ಹೊರಹರಿವನ್ನು 1 ಕಿಲೋಹರ್ಟ್ಸ್ ಚೌಕ ಅಲೆಯಿಂದ ಮಾಡ್ಯುಲೇಟ್ ಮಾಡಿರುವುದರಿಂದ ಡಿಟೆಕ್ಟರಿನಿಂದ 1 ಕಿಲೋಹರ್ಟ್ಸ್ ಸಂಕೇತ ಹೊರಬರುತ್ತದೆ. ಎಸ್‌ಡಬ್ಲ್ಯೂಆರ್ ಮೀಟರ್ ಎಂದರೆ ಆ ಒಂದೇ ಆವರ್ತನಕ್ಕೆ ಶ್ರುತಿ ಮಾಡಿದ, ಗದ್ದಲವನ್ನು ಬದಿಗಿಟ್ಟು ಸಂಕೇತವನ್ನಷ್ಟೇ ವರ್ಧಿಸುವ ಆಂಪ್ಲಿಫೈಯರ್.

ಅಳತೆ ಶುರುವಾಗುವುದು ಲೋಡಿನಿಂದ ಅಲ್ಲ, ಲೋಡಿನ ಜಾಗಕ್ಕೆ ತಿರುಪಿ ಹಾಕಿದ ಚಪ್ಪಟೆ ಲೋಹದ ತಗಡಿನಿಂದ, ಅಂದರೆ ಶಾರ್ಟ್‌ನಿಂದ. ಶಾರ್ಟ್ ಎಲ್ಲವನ್ನೂ ಹಿಂದಕ್ಕಟ್ಟುತ್ತದೆ, ಹಾಗಾಗಿ ಕನಿಷ್ಠ ಬಿಂದುಗಳು ಸೂಜಿಮೊನೆಯಷ್ಟು ಚೂಪಾಗಿರುತ್ತವೆ. ಒಂದು ಬೆಂಚಿನಲ್ಲಿ ಆವರ್ತನ 9.375 ಗಿಗಾಹರ್ಟ್ಸ್, ಸ್ಕೇಲಿನ ಸಂಖ್ಯೆ ಜನರೇಟರಿನ ಕಡೆಗೆ ಏರುತ್ತದೆ, ಮತ್ತು ಶಾರ್ಟ್ ಹಾಕಿದಾಗ ಕನಿಷ್ಠ ಬಿಂದುಗಳು 68.3 ಮತ್ತು 90.7 ಮಿ.ಮೀ.ನಲ್ಲಿ ಸಿಕ್ಕವು ಎಂದಿಟ್ಟುಕೊಂಡರೆ, ಅಂತರ 22.4 ಮಿ.ಮೀ., ಗೈಡಿನೊಳಗಿನ ತರಂಗಾಂತರ ಅದರ ಎರಡರಷ್ಟು, 44.8 ಮಿ.ಮೀ.

ಈ ಸಂಖ್ಯೆಯನ್ನು ಅಲ್ಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. 9.375 ಗಿಗಾಹರ್ಟ್ಸಿನ ಅಲೆಯ ಉದ್ದ ಬಯಲಿನಲ್ಲಿ 32.0 ಮಿ.ಮೀ. ಕೊಳವೆಯೊಳಗೆ ಅದು ಈ ಸೂತ್ರದಂತೆ ಹಿಗ್ಗುತ್ತದೆ:

λ_g = λ_0 / √(1 − (λ_0/2a)²)

a ಎಂದರೆ ಕೊಳವೆಯ ಒಳ ಅಗಲ, 22.86 ಮಿ.ಮೀ. ಲೆಕ್ಕ ಹಾಕಿದರೆ 44.8 ಬರುತ್ತದೆ. ಸ್ಕೇಲೂ ಸೂತ್ರವೂ ಒಂದೇ ಮಾತು ಹೇಳಿದರೆ ಆವರ್ತನ ಮೀಟರ್ ಸರಿಯಿದೆ, ಗಾಡಿ ಸರಿಯಾಗಿ ಓಡುತ್ತಿದೆ. ಹೇಳದಿದ್ದರೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ.

ಶಾರ್ಟ್‌ನ ಅಳತೆಯಿಂದ ಇನ್ನೊಂದು ಲಾಭವಿದೆ, ಅದೇ ಮುಖ್ಯವಾದದ್ದು. ಶಾರ್ಟ್ ಇರುವ ಜಾಗದಲ್ಲೇ ವೋಲ್ಟೇಜ್ ಸೊನ್ನೆ; ಅಲ್ಲಿಂದ ಪ್ರತಿ ಅರ್ಧ ತರಂಗಾಂತರಕ್ಕೆ ಲೈನಿನ ಸ್ಥಿತಿ ಮರುಕಳಿಸುತ್ತದೆ. ಹಾಗಾಗಿ ಸ್ಕೇಲಿನ 68.3 ಎಂಬ ಗುರುತು ಲೋಡಿನ ಜಾಗದ ಪ್ರತಿನಿಧಿ. ಪ್ರೋಬ್ ಲೋಡಿನ ಬಾಯಿಯ ತನಕ ಹೋಗಲಾರದು, ಹೋಗಬೇಕಾಗಿಯೂ ಇಲ್ಲ.

ಶಾರ್ಟ್ ತೆಗೆದು ಅಳೆಯಬೇಕಾದ ಲೋಡನ್ನು ಜೋಡಿಸಿದ ಮೇಲೆ, ಪ್ರೋಬನ್ನು ಒಂದು ಗರಿಷ್ಠ ಬಿಂದುವಿಗೆ ಒಯ್ದು, ಮುಳ್ಳು 1ರ ಗುರುತಿಗೆ ಬರುವಂತೆ ಮೀಟರಿನ ಗೇನ್ ತಿರುಗಿಸಬೇಕು. ಆಮೇಲೆ ಗೇನ್ ಮುಟ್ಟದೆ ಕನಿಷ್ಠ ಬಿಂದುವಿಗೆ ಸರಿದರೆ ಮುಳ್ಳು ತೋರಿಸುವುದೇ S. ಈ ಉದಾಹರಣೆಯಲ್ಲಿ ಅದು 2.0, ಕನಿಷ್ಠ ಬಿಂದು ನಿಂತದ್ದು 73.9 ಮಿ.ಮೀ.ನಲ್ಲಿ. ಜಾಗ ಗುರುತಿಸಲು ಗರಿಷ್ಠ ಬಿಂದುವನ್ನು ಬಳಸಬಾರದು. ಅಲ್ಲಿ ವಕ್ರರೇಖೆ ಚಪ್ಪಟೆಯಾಗಿರುವುದರಿಂದ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಮುಳ್ಳು ಕದಲುವುದಿಲ್ಲ. ಕನಿಷ್ಠ ಬಿಂದುವಿನಲ್ಲೂ ಕಣ್ಣಂದಾಜಿಗಿಂತ ಉತ್ತಮವಾದ ದಾರಿಯಿದೆ. ಅದರ ಎರಡೂ ಬದಿಗೆ ಮುಳ್ಳು ಒಂದೇ ರೀಡಿಂಗ್ ತೋರಿಸುವ ಎರಡು ಜಾಗ ಹುಡುಕಿ ಸರಾಸರಿ ತೆಗೆದರೆ ಕನಿಷ್ಠ ಬಿಂದು ಖಚಿತವಾಗಿ ಸಿಗುತ್ತದೆ.

S ಬೆಲೆ 2 ಎಂಬುದೊಂದೇ ಲೋಡ್ ಯಾವುದೆಂದು ಹೇಳುವುದಿಲ್ಲ. 50 ಓಮಿನ ಲೈನಿಗೆ 100 ಓಮ್ ಹಾಕಿದರೂ S 2, 25 ಓಮ್ ಹಾಕಿದರೂ 2. ಕೆಪಾಸಿಟರ್ ಅಥವಾ ಇಂಡಕ್ಟರ್ ಕೂಡಿದ ಎಷ್ಟೋ ಲೋಡುಗಳಿಗೂ ಅದೇ 2. ಎಷ್ಟು ಅಲೆ ಹಿಂದಿರುಗಿತು ಎಂಬುದನ್ನು S ಹೇಳುತ್ತದೆ. ಯಾವ ಹಂತದಲ್ಲಿ ಹಿಂದಿರುಗಿತು ಎಂಬುದನ್ನು ಹೇಳುವುದು ಕನಿಷ್ಠ ಬಿಂದುವಿನ ಜಾಗ. ಪ್ರಯೋಗದ ವರದಿಗಳಲ್ಲಿ S ಬರೆದು ಜಾಗ ಬರೆಯದೆ ಬಿಡುವುದುಂಟು. ಅಂಥ ವರದಿಯಿಂದ ಲೋಡನ್ನು ಕಂಡುಹಿಡಿಯಲು ಯಾರಿಂದಲೂ ಆಗದು.

ಇಲ್ಲಿ ಕನಿಷ್ಠ ಬಿಂದು 68.3ರಿಂದ 73.9ಕ್ಕೆ, ಅಂದರೆ ಜನರೇಟರಿನ ಕಡೆಗೆ 5.6 ಮಿ.ಮೀ. ಸರಿದಿದೆ. 44.8ರಲ್ಲಿ 5.6 ಎಂದರೆ ಎಂಟನೇ ಒಂದು ತರಂಗಾಂತರ. ಕನಿಷ್ಠ ಬಿಂದುವಿನಲ್ಲಿ ಇಂಪೀಡೆನ್ಸ್ ಶುದ್ಧ ರೋಧ, ಬೆಲೆ ಲೈನಿನ ಇಂಪೀಡೆನ್ಸಿನ 1/S, ಅಂದರೆ 0.5 ಪಟ್ಟು. ಅಲ್ಲಿಂದ ಲೋಡಿನ ಕಡೆಗೆ ಎಂಟನೇ ಒಂದು ತರಂಗಾಂತರ ನಡೆದರೆ ಲೋಡ್ ಸಿಗುತ್ತದೆ. ಈ ನಡಿಗೆಯನ್ನು ಕಾಗದದ ಮೇಲೆ ಮಾಡಲು ಬೆಲ್ ಪ್ರಯೋಗಾಲಯದ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ವೃತ್ತಾಕಾರದ ಚಾರ್ಟ್ ಇಂದಿಗೂ ಬಳಕೆಯಲ್ಲಿದೆ. ಅದರ ಮೇಲೆ S = 2ರ ವೃತ್ತ ಎಳೆದು, ಎಡತುದಿಯ ಕನಿಷ್ಠ ಬಿಂದುವಿನಿಂದ ಲೋಡಿನ ದಿಕ್ಕಿಗೆ 0.125 ತರಂಗಾಂತರ ತಿರುಗಿದರೆ ಕೈಗೆ ಬರುವುದು 0.8 − j0.6. ಋಣ ಚಿಹ್ನೆ ಲೋಡಿನಲ್ಲಿ ಕೆಪಾಸಿಟರಿನ ಗುಣ ಇದೆ ಎನ್ನುತ್ತದೆ. ಶಾರ್ಟ್‌ನ ಗುರುತಿನಿಂದ ಕನಿಷ್ಠ ಬಿಂದು ಜನರೇಟರಿನ ಕಡೆಗೆ ಕಾಲು ತರಂಗಾಂತರದೊಳಗೆ ಸರಿದರೆ ಲೋಡ್ ಕೆಪಾಸಿಟಿವ್, ಲೋಡಿನ ಕಡೆಗೆ ಸರಿದರೆ ಇಂಡಕ್ಟಿವ್. ಚಾರ್ಟ್ ತೆಗೆಯುವ ಮೊದಲೇ ಇಷ್ಟು ಗೊತ್ತಾಗಿಬಿಡುತ್ತದೆ. ಎಡವುವುದು ಹೆಚ್ಚಾಗಿ ದಿಕ್ಕಿನಲ್ಲೇ. ಸ್ಕೇಲಿನ ಸಂಖ್ಯೆ ಯಾವ ಕಡೆಗೆ ಏರುತ್ತದೆ ಎಂದು ಮೊದಲು ನೋಡಿಟ್ಟುಕೊಳ್ಳದಿದ್ದರೆ ಕೆಪಾಸಿಟರ್ ಇಂಡಕ್ಟರಾಗುತ್ತದೆ, ಮುಂದಿನ ಹೊಂದಾಣಿಕೆಯೂ ತಲೆಕೆಳಗಾಗುತ್ತದೆ.

ಹೊಂದಾಣಿಕೆ ಎಂದರೆ ಲೋಡನ್ನು ಬದಲಿಸುವುದಲ್ಲ. ಲೋಡಿನಿಂದ ಬರುವ ಪ್ರತಿಫಲನಕ್ಕೆ ಅಷ್ಟೇ ಬಲದ, ವಿರುದ್ಧ ಹಂತದ ಇನ್ನೊಂದು ಪ್ರತಿಫಲನವನ್ನು ಬೇಕೆಂದೇ ಹುಟ್ಟಿಸುವುದು. ವೇವ್‌ಗೈಡಿನಲ್ಲಿ ಇದಕ್ಕಿರುವ ಸಾಧನ ಸ್ಲೈಡ್ ಸ್ಕ್ರೂ ಟ್ಯೂನರ್: ಸೀಳಿನ ಉದ್ದಕ್ಕೂ ಜಾರಿಸಬಹುದಾದ, ಒಳಕ್ಕೆ ಎಷ್ಟು ಬೇಕಾದರೂ ಇಳಿಸಬಹುದಾದ ಒಂದು ಸ್ಕ್ರೂ. ಇದು ಸ್ಲಾಟೆಡ್ ಸೆಕ್ಷನ್ನಿಗೂ ಲೋಡಿಗೂ ನಡುವೆ ಕೂರುತ್ತದೆ. ಮೇಲಿನ ಅಳತೆಗಳನ್ನು ಮಾಡುವಾಗಲೂ ಅದು ಅಲ್ಲೇ ಇದ್ದು, ಸ್ಕ್ರೂ ಪೂರ್ತಿ ಮೇಲೆತ್ತಿರಬೇಕು. ಸ್ಕ್ರೂ ಸ್ವಲ್ಪವೇ ಇಳಿದಾಗ ಕೊಳವೆಗೆ ಅಡ್ಡಲಾಗಿ ಕಟ್ಟಿದ ಕೆಪಾಸಿಟರಿನಂತೆ ವರ್ತಿಸುತ್ತದೆ. ಆಳ ಹೆಚ್ಚಿದಂತೆ ಕೆಪಾಸಿಟರಿನ ಬೆಲೆ ಹೆಚ್ಚುತ್ತದೆ.

ಅಡ್ಡಲಾಗಿ ಕಟ್ಟುವ ಸಾಧನವಾದ್ದರಿಂದ ಇಂಪೀಡೆನ್ಸಿನ ಬದಲು ಅದರ ವಿಲೋಮವಾದ ಅಡ್ಮಿಟೆನ್ಸಿನಲ್ಲಿ ಲೆಕ್ಕ ಹಾಕಿದರೆ ಕೆಲಸ ಹಗುರ. ಅಡ್ಡಕ್ಕೆ ಕಟ್ಟಿದವು ನೇರವಾಗಿ ಕೂಡಿಕೊಳ್ಳುತ್ತವೆ. ಕನಿಷ್ಠ ಬಿಂದುವಿನಲ್ಲಿ ಅಡ್ಮಿಟೆನ್ಸ್ 2. ಅಲ್ಲಿಂದ ಸರಿಯುತ್ತ ಹೋದಂತೆ ಅದು ಬದಲಾಗುತ್ತದೆ. ಹುಡುಕಬೇಕಾದದ್ದು ಅದರ ವಾಸ್ತವ ಭಾಗ ಸರಿಯಾಗಿ 1 ಆಗುವ ಜಾಗ. ಗಣಿತ ಮಾಡಿದರೆ ಕನಿಷ್ಠ ಬಿಂದುವಿನಿಂದ ಆ ಜಾಗಕ್ಕಿರುವ ದೂರಕ್ಕೆ ಚಿಕ್ಕದೊಂದು ಸೂತ್ರ ಸಿಗುತ್ತದೆ:

tan(2πd/λ_g) = 1/√S

S = 2 ಆದಾಗ ಕೋನ 35.3 ಡಿಗ್ರಿ, d ಬೆಲೆ 4.4 ಮಿ.ಮೀ. ಕನಿಷ್ಠ ಬಿಂದುವಿನ ಎರಡೂ ಬದಿಗೆ ಇಂಥ ಒಂದೊಂದು ಜಾಗವಿದೆ. ಜನರೇಟರಿನ ಬದಿಯದರಲ್ಲಿ ಅಡ್ಮಿಟೆನ್ಸ್ 1 − j0.71, ಲೋಡಿನ ಬದಿಯದರಲ್ಲಿ 1 + j0.71. ಕೆಪಾಸಿಟರ್ ಕೂಡಿಸುವುದು +j ಅನ್ನು ಮಾತ್ರ. ಆದ್ದರಿಂದ ಸ್ಕ್ರೂ ನಿಲ್ಲಬೇಕಾದದ್ದು ಜನರೇಟರಿನ ಬದಿಯ ಜಾಗದಲ್ಲಿ. ಅಲ್ಲಿ ಅದು ಕೊಡುವ +j0.71 ಅಲ್ಲಿರುವ −j0.71 ಅನ್ನು ಅಳಿಸಿಹಾಕುತ್ತದೆ, ಉಳಿಯುವುದು ಬರೀ 1. ಇನ್ನೊಂದು ಬದಿಯಲ್ಲಿ ನಿಲ್ಲಿಸಿ ಎಷ್ಟು ಇಳಿಸಿದರೂ S ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸ್ಕ್ರೂ ತಿರುಗಿಸಿ ತಿರುಗಿಸಿ ಹೊಂದಾಣಿಕೆ ಸಿಗದೆ ಬೇಸತ್ತವರು ಬಹುತೇಕ ಈ ತಪ್ಪು ಬದಿಯಲ್ಲೇ ನಿಂತಿರುತ್ತಾರೆ.

ಲೋಡಿನ ಫ್ಲೇಂಜಿನಿಂದ ಮೊದಲ ಕನಿಷ್ಠ ಬಿಂದು 5.6 ಮಿ.ಮೀ. ದೂರದಲ್ಲಿದೆ, ಅದಕ್ಕೆ 4.4 ಕೂಡಿಸಿದರೆ 10.0 ಮಿ.ಮೀ. ಟ್ಯೂನರಿನ ಸೀಳು ಅಷ್ಟು ಹತ್ತಿರ ತಲುಪದಿದ್ದರೆ ಅರ್ಧ ತರಂಗಾಂತರ ಕೂಡಿಸಿ 32.4 ಅಥವಾ 54.8 ಮಿ.ಮೀ.ನಲ್ಲಿ ಸ್ಕ್ರೂ ನಿಲ್ಲಿಸಬಹುದು. ಆಳವನ್ನು ಲೆಕ್ಕದಿಂದ ಹೇಳುವುದು ಕಷ್ಟ. ಅದು ಸ್ಕ್ರೂವಿನ ದಪ್ಪವನ್ನೂ ಅವಲಂಬಿಸಿದೆ. ಹಾಗಾಗಿ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಪ್ರತಿ ಸಲವೂ ಪ್ರೋಬನ್ನು ಗರಿಷ್ಠದಿಂದ ಕನಿಷ್ಠಕ್ಕೆ ಓಡಿಸಿ S ನೋಡಬೇಕು. 2.0 ಇದ್ದದ್ದು 1.7, 1.4, 1.2 ಎಂದು ಇಳಿಯುತ್ತ ಬಂದು ಒಂದು ಆಳ ದಾಟಿದ ಮೇಲೆ ಮತ್ತೆ ಏರತೊಡಗುತ್ತದೆ. ಅಲ್ಲಿ ನಿಲ್ಲಿಸಿ, ಜಾಗವನ್ನು ಅರ್ಧ ಮಿಲಿಮೀಟರಿನಷ್ಟು ಆಚೀಚೆ ಸರಿಸಿ, ಆಳವನ್ನು ಮತ್ತೆ ತಿದ್ದಬೇಕು. ಎರಡು ಮೂರು ಸುತ್ತಿನಲ್ಲಿ 1.05ರ ಸುತ್ತಮುತ್ತ ಬಂದರೆ ಸಾಕು. ಅದಕ್ಕಿಂತ ಕೆಳಗೆ ಹೋಗುವ ಪ್ರಯತ್ನ ವ್ಯರ್ಥ. ಫ್ಲೇಂಜುಗಳೂ ಸೀಳಿನ ತುದಿಗಳೂ ತಾವೇ ಅಷ್ಟು ಪ್ರತಿಫಲಿಸುತ್ತವೆ.

ಹೊಂದಾಣಿಕೆಯಾದ ಮೇಲೆ ಲೈನಿನಲ್ಲಿ ಸ್ಥಾಯಿ ಅಲೆ ಇಲ್ಲವಾಯಿತು ಎಂದು ತಿಳಿಯುವುದು ಸಾಮಾನ್ಯ. ಅದು ಇಲ್ಲವಾದದ್ದು ಸ್ಕ್ರೂವಿನಿಂದ ಜನರೇಟರಿನ ತನಕ ಮಾತ್ರ. ಸ್ಕ್ರೂವಿಗೂ ಲೋಡಿಗೂ ನಡುವೆ ಮೊದಲಿನ 2ರ ಅನುಪಾತ ಹಾಗೆಯೇ ಇದೆ, ಏಕೆಂದರೆ ಲೋಡ್ ಬದಲಾಗಿಲ್ಲ. ಲೋಡಿನಿಂದ ಹಿಂದಿರುಗಿದ ಅಲೆಯಲ್ಲಿ ಸ್ವಲ್ಪ ಭಾಗ ಸ್ಕ್ರೂವಿಗೆ ತಾಗಿ ಮತ್ತೆ ಲೋಡಿನತ್ತ ತಿರುಗುತ್ತದೆ, ಉಳಿದದ್ದನ್ನು ಸ್ಕ್ರೂವಿನ ಪ್ರತಿಫಲನ ರದ್ದು ಮಾಡುತ್ತದೆ. ಒಟ್ಟು ಪರಿಣಾಮವಾಗಿ, ನಷ್ಟ ತೀರ ಕಡಿಮೆ ಇರುವ ಕೊಳವೆಯಲ್ಲಿ ಜನರೇಟರ್ ಕಳಿಸಿದ್ದೆಲ್ಲ ಲೋಡನ್ನು ಸೇರುತ್ತದೆ. ರೇಡಿಯೊ ಹವ್ಯಾಸಿಗಳ ಶ್ಯಾಕಿನಲ್ಲಿ ಆಂಟೆನಾ ಟ್ಯೂನರ್ ಮೀಟರಿನಲ್ಲಿ 1 ತೋರಿಸಿದರೂ ಆಂಟೆನಾಗೆ ಹೋಗುವ ಕೇಬಲ್ಲಿನಲ್ಲಿ ಹಳೆಯ ಅನುಪಾತವೇ ಉಳಿದಿರುತ್ತದೆ, ಕಾರಣ ಇದೇ.

ಸ್ಕ್ರೂವನ್ನು ಲೋಡಿಗೆ ಆದಷ್ಟು ಹತ್ತಿರ ಇಡಬೇಕೆನ್ನುವುದಕ್ಕೂ ಕಾರಣವಿದೆ. ಆವರ್ತನ 100 ಮೆಗಾಹರ್ಟ್ಸ್ ಏರಿದರೆ ಗೈಡ್ ತರಂಗಾಂತರ 44.8ರಿಂದ 43.9 ಮಿ.ಮೀ.ಗೆ ಇಳಿಯುತ್ತದೆ. ಸ್ಕ್ರೂ 10.0 ಮಿ.ಮೀ.ನಲ್ಲಿದ್ದರೆ ಇದರಿಂದ ಆಗುವ ಕೋನದ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ, 54.8ರಲ್ಲಿದ್ದರೆ ಒಂಬತ್ತು ಡಿಗ್ರಿ. ದೂರವಿದ್ದಷ್ಟೂ ಹೊಂದಾಣಿಕೆ ಒಂದೇ ಆವರ್ತನಕ್ಕೆ ಅಂಟಿಕೊಳ್ಳುತ್ತದೆ. ಲೋಡ್ ಶುದ್ಧ ರೋಧವಾಗಿದ್ದರೆ ಕಾಲು ತರಂಗಾಂತರ ಉದ್ದದ ಬೇರೊಂದು ಲೈನನ್ನು ನಡುವೆ ಸೇರಿಸುವ ದಾರಿಯೂ ಇದೆ. 50 ಮತ್ತು 100 ಓಮಿನ ನಡುವೆ ಅದರ ಇಂಪೀಡೆನ್ಸ್ ಎರಡರ ಗುಣಲಬ್ಧದ ವರ್ಗಮೂಲ, 70.7 ಓಮ್ ಆಗಿರಬೇಕು.

ಬೆಂಚಿನ ಅಳತೆಗಳಲ್ಲಿ ದೋಷ ನುಸುಳುವ ಮೊದಲ ಜಾಗ ಕ್ರಿಸ್ಟಲ್. ಸಣ್ಣ ಸಂಕೇತಕ್ಕೆ ಅದರ ಹೊರಹರಿವು ವೋಲ್ಟೇಜಿನ ವರ್ಗಕ್ಕೆ ಅನುಗುಣ. ಎಸ್‌ಡಬ್ಲ್ಯೂಆರ್ ಮೀಟರಿನ ಸ್ಕೇಲನ್ನು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆದಿರುತ್ತಾರೆ. ಮೀಟರ್ ಇಲ್ಲದೆ ಮೈಕ್ರೋಆಮ್ಮೀಟರ್ ಬಳಸುವಾಗ ವರ್ಗಮೂಲ ತೆಗೆಯುವುದು ಅಳೆಯುವವರ ಹೊಣೆ. ಗರಿಷ್ಠದಲ್ಲಿ 40, ಕನಿಷ್ಠದಲ್ಲಿ 10 ಮೈಕ್ರೋಆಂಪಿಯರ್ ಬಂದರೆ S ಬೆಲೆ 2, 4 ಅಲ್ಲ. 4 ಎಂದು ಬರೆದರೆ ಹಿಂದಿರುಗಿದ ಶಕ್ತಿ ಶೇ 11ರ ಬದಲು ಶೇ 36 ಆಗಿಬಿಡುತ್ತದೆ. ಸಂಕೇತ ದೊಡ್ಡದಾದರೆ ವರ್ಗದ ನಿಯಮವೇ ಮುರಿಯುತ್ತದೆ. ಪರೀಕ್ಷೆ ಸುಲಭ: ಅಟೆನ್ಯುಯೇಟರಿನಿಂದ ಸಂಕೇತ ತಗ್ಗಿಸಿ ಮತ್ತೆ ಅಳೆದಾಗ S ಬದಲಾಗಬಾರದು.

ಎರಡನೆಯದು ಪ್ರೋಬಿನ ಆಳ. ಹೆಚ್ಚು ಸಂಕೇತ ಸಿಗಲೆಂದು ಪ್ರೋಬನ್ನು ಆಳಕ್ಕಿಳಿಸಿದರೆ ಅದೂ ಒಂದು ಟ್ಯೂನರ್ ಸ್ಕ್ರೂ ಆಗಿ ವರ್ತಿಸಿ, ಅಳೆಯಬೇಕಾದ ವಿನ್ಯಾಸವನ್ನೇ ಕದಡುತ್ತದೆ. ಈ ತೊಂದರೆ ಗರಿಷ್ಠ ಬಿಂದುವಿನಲ್ಲಿ ಹೆಚ್ಚು, ಕನಿಷ್ಠದಲ್ಲಿ ಕಡಿಮೆ. ಎರಡು ಕನಿಷ್ಠ ಬಿಂದುಗಳ ನಟ್ಟನಡುವೆ ಇರಬೇಕಾದ ಗರಿಷ್ಠ ಬಿಂದು ಒಂದು ಬದಿಗೆ ವಾಲಿದ್ದರೆ ಪ್ರೋಬ್ ಅತಿಯಾಗಿ ಇಳಿದಿದೆ ಎಂದೇ ಅರ್ಥ.

S ಹತ್ತಕ್ಕಿಂತ ಹೆಚ್ಚಿದ್ದಾಗ ಗರಿಷ್ಠ ಮತ್ತು ಕನಿಷ್ಠಗಳ ಅನುಪಾತವನ್ನು ನೇರವಾಗಿ ತೆಗೆಯಲಾಗದು. ಗರಿಷ್ಠದಲ್ಲಿ ಕ್ರಿಸ್ಟಲ್ ವರ್ಗದ ನಿಯಮ ಮೀರುತ್ತದೆ, ಕನಿಷ್ಠದಲ್ಲಿ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಆಗ ಕನಿಷ್ಠ ಬಿಂದುವಿನ ಹತ್ತಿರವೇ ಉಳಿದು, ಅದರ ಎರಡೂ ಬದಿಗೆ ಶಕ್ತಿ ಕನಿಷ್ಠದ ಎರಡರಷ್ಟಾಗುವ, ಅಂದರೆ 3 ಡೆಸಿಬೆಲ್ ಏರುವ ಜಾಗಗಳನ್ನು ಗುರುತಿಸುತ್ತಾರೆ. ಅವುಗಳ ಅಂತರ Δ ಆದರೆ

S ≈ λ_g / (πΔ)

S ಬೆಲೆ 20 ಇದ್ದಾಗ ಈ ಅಂತರ 0.71 ಮಿ.ಮೀ. ಮಾತ್ರ. 0.1 ಮಿ.ಮೀ. ಓದುವ ವರ್ನಿಯರಿನಲ್ಲಿ ಒಂದು ಗೆರೆ ತಪ್ಪಿದರೆ ಉತ್ತರ 18ಕ್ಕೋ 23ಕ್ಕೋ ಜಾರುತ್ತದೆ. ಅದಕ್ಕಾಗಿ ಗಾಡಿಗೆ ಡಯಲ್ ಗೇಜ್ ಕಟ್ಟಿ ನೂರನೇ ಒಂದು ಮಿಲಿಮೀಟರಿನ ತನಕ ಓದುತ್ತಾರೆ.

ಕೊನೆಯ ಮಿತಿ ಲೈನಿನ ನಷ್ಟದ್ದು. ವೇವ್‌ಗೈಡಿನ ಚಿಕ್ಕ ಬೆಂಚಿನಲ್ಲಿ ಅದನ್ನು ಮರೆಯಬಹುದು, ಉದ್ದದ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ಮರೆಯುವಂತಿಲ್ಲ. ಒಮ್ಮೆ ಸಾಗಿದರೆ 3 ಡೆಸಿಬೆಲ್ ಕಳೆದುಕೊಳ್ಳುವ ಕೇಬಲ್ಲಿನ ದೂರದ ತುದಿಯನ್ನು ಶಾರ್ಟ್ ಮಾಡಿದರೂ, ಹೋಗಿ ಬರುವಷ್ಟರಲ್ಲಿ ಅಲೆ 6 ಡೆಸಿಬೆಲ್ ಕುಗ್ಗಿರುತ್ತದೆ. ಈ ತುದಿಯ ಮೀಟರಿನಲ್ಲಿ ಕಾಣುವ S ಸುಮಾರು 3. ಆಂಟೆನಾ ಕಿತ್ತುಹೋಗಿದ್ದರೂ ಇಷ್ಟೇ ತೋರಿಸುತ್ತದೆ. ಅಂಥ ಕೇಬಲ್ಲಿನಲ್ಲಿ ಅಳತೆಯನ್ನು ಲೋಡಿನ ತುದಿಗೇ ಒಯ್ದು ಮಾಡಬೇಕು, ಇಲ್ಲವೇ ಮೊದಲು ಶಾರ್ಟ್ ಹಾಕಿ ಕೇಬಲ್ಲಿನ ನಷ್ಟ ಅಳೆದು, ಹೋಗಿ ಬರುವ ಎರಡೂ ದಾರಿಯ ನಷ್ಟವನ್ನು ಲೆಕ್ಕದಿಂದ ತೆಗೆದುಹಾಕಬೇಕು.